ಕಿಲಿಗ್: ನೋಡುತ್ತಾ ಕೂತವರ ಮೈಗೂ ಬರುವ ನಡುಕ

ಫಿಲಿಪ್ಪೀನ್ಸಿನ ಟಗಾಲೊಗ್ ಭಾಷೆಯಲ್ಲಿ ಕಿಲಿಗ್ ಅಂತ ಒಂದು ಪದವಿದೆ. ದುಬೈ, ದೋಹಾ ಕಡೆ ಆಸ್ಪತ್ರೆಯಲ್ಲೋ ಹೋಟೆಲಿನಲ್ಲೋ ಫಿಲಿಪ್ಪೀನಿಯರ ಜೊತೆ ಕೆಲಸ ಮಾಡಿ ಬಂದ ನಮ್ಮ ಕರಾವಳಿಯವರನ್ನು ಕೇಳಿ ನೋಡಿ, ಕೆಲವರಿಗಾದರೂ ಇದು ಕಿವಿಗೆ ಬಿದ್ದಿರುತ್ತದೆ. ಹೊಸದಾಗಿ ಒಬ್ಬರ ಮೇಲೆ ಮನಸ್ಸಾದಾಗ, ಅವರು ಎದುರಿಗೆ ಬಂದರೆ, ನೋಡಿ ನಕ್ಕರೆ, ಮೆಸೇಜು ಮಾಡಿದರೆ ಮೈಯೊಳಗೆ ಏನೋ ಓಡಾಡಿದಂತಾಗುತ್ತದಲ್ಲ, ಅದು ಕಿಲಿಗ್. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೂಡ ಈ ಪದವನ್ನು ಒಳಗೆ ಬಿಟ್ಟುಕೊಂಡಿತು.

ಅಂತರ್ಜಾಲದಲ್ಲಿ "ಅನುವಾದಿಸಲಾಗದ ಪದಗಳು" ಅಂತ ಪಟ್ಟಿಗಳು ಓಡಾಡುತ್ತವೆ. ಅವುಗಳಲ್ಲಿ ಕಿಲಿಗ್ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲೇ ಒಂದು ಸಾಲಿನ ಅರ್ಥವನ್ನೂ ಕೊಟ್ಟಿರುತ್ತಾರೆ: ಪ್ರೇಮದ ಆರಂಭದ ಪುಳಕ. ಅನುವಾದ ಮಾಡಲಾಗದು ಅಂತ ಹೇಳಿ ಪಕ್ಕದಲ್ಲೇ ಅನುವಾದ ಮಾಡಿಬಿಡುವುದು ಒಂದು ತಮಾಷೆ. ಆದರೆ ನನ್ನ ತಕರಾರು ಬೇರೆ. ಆ ಒಂದು ಸಾಲು ಅರ್ಧ ಮಾತ್ರ ಸರಿ. ಬಿಟ್ಟುಹೋದ ಅರ್ಧದಲ್ಲೇ ಪದದ ಜೀವ ಇದೆ. ಕಿಲಿಗ್ ಆಗುವುದು ಪ್ರೇಮಿಗಳಿಗೆ ಮಾತ್ರ ಅಲ್ಲ, ಅವರನ್ನು ನೋಡುತ್ತಿರುವವರಿಗೂ ಆಗುತ್ತದೆ. ಅನುವಾದಗಳು ಸೋಲುವುದು ಬಹುಮಟ್ಟಿಗೆ ಇಲ್ಲಿಯೇ.

ಮೊದಲು ಪದದ ಬೇರನ್ನು ನೋಡೋಣ. ಕಿಲಿಗ್ ಅಂದರೆ ಮೂಲತಃ ನಡುಕ, ಮೈ ಅದುರುವುದು. ಪ್ರೇಮಕ್ಕೂ ಅದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಮೂತ್ರ ಮಾಡಿದ ಕೂಡಲೇ ಮೈ ಒಮ್ಮೆ ಝಲ್ಲೆಂದು ಅದುರುತ್ತದಲ್ಲ, ಅದಕ್ಕೂ ಫಿಲಿಪ್ಪೀನಿಯರು ಕಿಲಿಗ್ ಅಂತಲೇ ಹೇಳುತ್ತಾರೆ, ಹೇಳಿ ನಗುತ್ತಾರೆ. ಪ್ರೇಮದ ಪಟ್ಟಿ ಮಾಡುವವರು ಈ ಅರ್ಥವನ್ನು ನಾಜೂಕಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದಿತ್ತು. ಯಾಕೆಂದರೆ ಈ ಪದ ಮನಸ್ಸಿನಿಂದ ಹೊರಟಿದ್ದಲ್ಲ, ಮೈಯಿಂದ ಹೊರಟಿದ್ದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ನಾವು ಬೇಕೆಂದು ತರಿಸಿಕೊಳ್ಳಲಾಗದ, ಬೇಡವೆಂದು ತಡೆಯಲಾಗದ ಒಂದು ನಡುಕ ಅದು.

ಇದನ್ನು ಟಗಾಲೊಗ್ ವ್ಯಾಕರಣವೇ ಹೇಳುತ್ತದೆ. "ನನಗೆ ಕಿಲಿಗ್ ಆಗುತ್ತಿದೆ" ಅನ್ನಲು ಅವರು "ಕಿನಿಕಿಲಿಗ್ ಅಕೊ" ಅನ್ನುತ್ತಾರೆ. ಅಕೊ ಅಂದರೆ ನಾನು. ಕಿಲಿಗ್ ಅನ್ನುವುದರ ಮೊದಲಕ್ಷರ ಎರಡು ಸಲ ಬಂದು, ನಡುವೆ "ಇನ್" ಅನ್ನುವ ತುಣುಕು ಸೇರಿಕೊಂಡಿದೆ. ಆ ತುಣುಕು ಇಲ್ಲಿ ಹೇಳುವುದು ಇಷ್ಟು: ಇದನ್ನು ನಾನು ಮಾಡುತ್ತಿಲ್ಲ, ಇದು ನನಗೆ ಆಗುತ್ತಿದೆ. ಇದೇ ಅಚ್ಚಿನಲ್ಲಿ ಅವರು ಇನ್ನೇನೇನು ಹೇಳುತ್ತಾರೆ ನೋಡಿ. ನಿಲಾಲಮಿಗ್ ಅಕೊ, ಅಂದರೆ ನನಗೆ ಚಳಿಯಾಗುತ್ತಿದೆ. ಇನಾಆಂತೊಕ್ ಅಕೊ, ನನಗೆ ನಿದ್ದೆ ಬರುತ್ತಿದೆ. ನಿಲಾಲಗ್ನಾತ್ ಅಕೊ, ನನಗೆ ಜ್ವರ ಬಂದಿದೆ. ಚಳಿ, ನಿದ್ದೆ, ಜ್ವರ ಕೂರುವ ಸಾಲಿನಲ್ಲೇ ಕಿಲಿಗ್ ಕೂತಿದೆ. ಆದರೆ "ನಾನು ಪ್ರೀತಿಸುತ್ತಿದ್ದೇನೆ" ಅನ್ನುವಾಗ ಅವರು "ಉಮಿಇಬಿಗ್ ಅಕೊ" ಅನ್ನುತ್ತಾರೆ. ಅಲ್ಲಿ ಸೇರುವ ತುಣುಕು ಬೇರೆ, ಅದು ಕೆಲಸ ಮಾಡುವವನನ್ನು ಮುಂದೆ ನಿಲ್ಲಿಸುತ್ತದೆ. ಪ್ರೀತಿ ನಾನು ಮಾಡುವಂಥದ್ದು, ಕಿಲಿಗ್ ನನಗೆ ಬರುವಂಥದ್ದು.

ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ನಮ್ಮಲ್ಲೂ ಇದೇ ಲೆಕ್ಕ ಇದೆ. "ನಾನು ಪ್ರೀತಿಸುತ್ತೇನೆ" ಅನ್ನುತ್ತೇವೆ, ಆದರೆ "ನನಗೆ ನಾಚಿಕೆಯಾಗುತ್ತದೆ", "ನನಗೆ ಚಳಿಯಾಗುತ್ತದೆ", "ನನಗೆ ನಗು ಬರುತ್ತದೆ" ಅನ್ನುತ್ತೇವೆ. ತಾನಾಗಿ ಬರುವುದಕ್ಕೆಲ್ಲ ನಮ್ಮಲ್ಲಿ "ನನಗೆ" ಇದೆ. ಇಂಗ್ಲಿಷಿನಲ್ಲಿ ಈ ಬಾಗಿಲು ಇಷ್ಟು ಅಗಲವಾಗಿ ತೆರೆದಿಲ್ಲ. ಅಲ್ಲಿ ಚಳಿಗೂ ನಾಚಿಕೆಗೂ ಪ್ರೀತಿಗೂ "ನಾನು" ಅಂತಲೇ ಶುರು ಮಾಡಬೇಕು. ಹಾಗಾಗಿ ಇಂಗ್ಲಿಷಿನ ಮೂಲಕ ಹೋದರೆ ಕಿಲಿಗ್ ಒಂದು ಭಾವನೆಯ ಹೆಸರಾಗಿಬಿಡುತ್ತದೆ, ಹರ್ಷ, ಉಲ್ಲಾಸ ಅನ್ನುವ ಹಾಗೆ. ಟಗಾಲೊಗಿನಿಂದ ನೇರ ಕನ್ನಡಕ್ಕೆ ಬಂದರೆ ಅದು ಮೈಗೆ ಬರುವ ಜ್ವರದ ಹಾಗೆಯೇ ಉಳಿಯುತ್ತದೆ. ಇಷ್ಟರ ಮಟ್ಟಿಗೆ ನಮ್ಮ ಭಾಷೆ ಆ ಪದಕ್ಕೆ ಹೆಚ್ಚು ಹತ್ತಿರ.

ಹಾಗಾದರೆ ಕನ್ನಡದಲ್ಲಿ ಯಾವ ಪದ ಹಾಕೋಣ? ರೋಮಾಂಚನ ಅನ್ನಬಹುದೇ? ರೋಮಾಂಚನ ರಾಷ್ಟ್ರಗೀತೆ ಕೇಳಿದಾಗಲೂ ಆಗುತ್ತದೆ, ಕೊನೆಯ ಓವರಿನಲ್ಲಿ ಸಿಕ್ಸರ್ ಬಿದ್ದಾಗಲೂ ಆಗುತ್ತದೆ, ದೇವರ ಉತ್ಸವ ಕಂಡಾಗಲೂ ಆಗುತ್ತದೆ. ಅದಕ್ಕೆ ದೊಡ್ಡ ಕಾರಣವೊಂದು ಬೇಕು. ಪುಳಕ ಸುಂದರ ಪದ, ಆದರೆ ಅದು ಪುಸ್ತಕದಲ್ಲಿ ವಾಸಿಸುತ್ತದೆ. ಹಾಸ್ಟೆಲ್ಲಿನ ಹುಡುಗಿ ಗೆಳತಿಗೆ "ನನಗೆ ಪುಳಕವಾಯಿತು ಕಣೇ" ಅನ್ನುವುದನ್ನು ಯಾರೂ ಕೇಳಿರಲಿಕ್ಕಿಲ್ಲ. ಕಚಗುಳಿ ಸನಿಹ ಬರುತ್ತದೆ, ನಗುವನ್ನೂ ತರುತ್ತದೆ, ಆದರೆ ಕಚಗುಳಿ ಇಡಲು ಇನ್ನೊಬ್ಬರ ಬೆರಳು ಮೈಗೆ ತಾಗಬೇಕು. ಕಿಲಿಗ್‌ಗೆ ಯಾರೂ ತಾಗಬೇಕಿಲ್ಲ.

ನನ್ನ ಕೇಳಿದರೆ ಎಲ್ಲಕ್ಕಿಂತ ಹತ್ತಿರದ್ದು "ಮೈ ಜುಮ್ಮೆಂದಿತು". ಇದರಲ್ಲಿ ಮೈ ಇದೆ, ತಾನಾಗಿ ಆಗುವುದಿದೆ, ಕ್ಷಣದಲ್ಲಿ ಬಂದು ಹೋಗುವುದಿದೆ. ಕಿಲಿಗ್‌ಗೆ ಮೂತ್ರದ ನಡುಕದ ಅರ್ಥ ಇದ್ದ ಹಾಗೆ, ಜುಮ್ಮಿಗೆ ಕಾಲು ಜೋಮು ಹಿಡಿಯುವ ನೆಂಟಸ್ತಿಕೆ ಇದೆ. ಎರಡೂ ಮರ್ಯಾದೆಯ ಮನೆತನದಿಂದ ಬಂದ ಪದಗಳಲ್ಲ, ಹಾಗಾಗಿಯೇ ಜೋಡಿ ಚೆನ್ನಾಗಿದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡು ಒಂದು ಸಣ್ಣ ಸಂಭಾಷಣೆಯನ್ನು ಕನ್ನಡ ಮಾಡಲು ಕೂರೋಣ. ಮನಿಲಾದ ಒಂದು ಕಾಲೇಜು, ಇಬ್ಬರು ಗೆಳತಿಯರು. ಮಳೆ ಬರುತ್ತಿದ್ದಾಗ ಹುಡುಗನೊಬ್ಬ ತನ್ನ ಛತ್ರಿಯನ್ನು ಒಬ್ಬಳ ಕೈಗೆ ಕೊಟ್ಟು ತಾನು ನೆನೆಯುತ್ತಾ ಓಡಿದ್ದಾನೆ. ಅವಳು ಬಂದು ಗೆಳತಿಗೆ ಹೇಳುತ್ತಾಳೆ: "ಕಿನಿಲಿಗ್ ಅಕೊ." ನನಗೆ ಕಿಲಿಗ್ ಆಯಿತು. ಇಲ್ಲಿ "ರೋಮಾಂಚನವಾಯಿತು" ಅಂದರೆ ಒಂದು ಛತ್ರಿಗೆ ಜಾಸ್ತಿಯಾಯಿತು. "ಮೈ ಜುಮ್ಮಂತು ಕಣೇ" ಅಂದರೆ ಸರಿಹೋಗುತ್ತದೆ. ಮೊದಲ ಮಾತು ದಾಟಿತು.

ಈಗ ಕೇಳಿಸಿಕೊಂಡ ಗೆಳತಿ ದಿಂಬನ್ನು ಅವುಚಿಕೊಂಡು ಕಿರುಚುತ್ತಾ ಹೇಳುತ್ತಾಳೆ: "ಕಿನಿಕಿಲಿಗ್ ರಿನ್ ಅಕೊ!" ನನಗೂ ಕಿಲಿಗ್ ಆಗುತ್ತಿದೆ. ಇದನ್ನು "ನನಗೂ ಮೈ ಜುಮ್ಮಂತಿದೆ" ಅಂತ ಬರೆದು ನೋಡಿ. ಓದುವವರು ತಡೆದು ನಿಲ್ಲುತ್ತಾರೆ. ಏನಿದು, ಇವಳಿಗೂ ಆ ಹುಡುಗನ ಮೇಲೆ ಕಣ್ಣಿದೆಯಾ? ಟಗಾಲೊಗಿನಲ್ಲಿ ಅಂಥ ಅನುಮಾನ ಹುಟ್ಟುವುದಿಲ್ಲ. ಗೆಳತಿಗೆ ಹುಡುಗ ಬೇಕಾಗಿಲ್ಲ, ಅವನನ್ನು ಅವಳು ನೋಡಿಲ್ಲದೆಯೂ ಇರಬಹುದು. ಇಬ್ಬರ ನಡುವೆ ಏನೋ ಹೊತ್ತಿಕೊಳ್ಳುತ್ತಿದೆ ಅನ್ನುವುದನ್ನು ಕಂಡೇ ಅವಳ ಮೈ ನಡುಗುತ್ತಿದೆ. ಆ ನಡುಕಕ್ಕೂ ಅದೇ ಪದ, ಅದೇ ವ್ಯಾಕರಣ. ಅವಳದ್ದು ಅಸಲಿ, ಇವಳದ್ದು ಎರವಲು ಅನ್ನುವ ಭೇದವನ್ನು ಭಾಷೆ ಮಾಡುವುದಿಲ್ಲ.

ನಮ್ಮ ಜುಮ್ಮೆನ್ನುವಿಕೆ ಅದನ್ನು ಅನುಭವಿಸುವವರ ಸ್ವಂತದ್ದು. ಪುಳಕವೂ ಹಾಗೆಯೇ. ಇಂಗ್ಲಿಷಿನವರು ಹೊಟ್ಟೆಯಲ್ಲಿ ಚಿಟ್ಟೆ ಹಾರಾಡಿದ ಹಾಗೆ ಅನ್ನುತ್ತಾರಲ್ಲ, ಅದೂ ಸ್ವಂತದ್ದೇ, ಬೇರೆಯವರ ಪ್ರೇಮಕ್ಕೆ ನಮ್ಮ ಹೊಟ್ಟೆಯಲ್ಲಿ ಚಿಟ್ಟೆ ಹಾರುವುದು ಅಪರೂಪ. ಮೇಲಾಗಿ ಆ ಚಿಟ್ಟೆಗಳು ಪರೀಕ್ಷೆಗೆ ಮುಂಚೆಯೂ ಹಾರುತ್ತವೆ. ಟಗಾಲೊಗಿನಲ್ಲಿ ಆ ಢವಢವಕ್ಕೆ "ಕಬಾ" ಅಂತ ಬೇರೆ ಪದವೇ ಇದೆ. ಹೀಗೆ ಅನುವಾದಗಳೆಲ್ಲ ಒಬ್ಬರ ಮೈಯ ಗಡಿಗೆ ಬಂದು ನಿಂತುಬಿಡುತ್ತವೆ. ಕಿಲಿಗ್ ಆ ಗಡಿ ದಾಟುತ್ತದೆ.

ಹಾಗಾದರೆ ಗೆಳತಿಯ ಮಾತನ್ನು ಕನ್ನಡದಲ್ಲಿ ಏನು ಮಾಡುವುದು? ನಾಮಪದ ಹುಡುಕುವುದನ್ನು ಬಿಟ್ಟು, ಅವಳು ಏನು ಮಾಡುತ್ತಿದ್ದಾಳೆ ಅನ್ನುವುದನ್ನು ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ. "ಅಯ್ಯೋ, ಕೇಳ್ತಾ ಇದ್ರೆ ನಂಗೇ ಕೂತಲ್ಲಿ ಕೂರಕ್ಕಾಗ್ತಿಲ್ಲ ಕಣೇ!" ಇದರಲ್ಲಿ ಅನುಮಾನ ಹುಟ್ಟುವುದಿಲ್ಲ. "ನಂಗೇ" ಅನ್ನುವ ಆ ಒತ್ತು ಇದೆಯಲ್ಲ, ಅದು ಕಥೆ ನಿನ್ನದು, ಒದ್ದಾಟ ನನ್ನದು ಅಂತ ಹೇಳುತ್ತದೆ. ಒಂದೇ ಪದ ಎರಡು ಕಡೆ ಬಂದದ್ದಕ್ಕೆ ಕನ್ನಡದಲ್ಲಿ ಎರಡು ಬೇರೆ ಮಾತು ಹಾಕಬೇಕಾಯಿತು. ಅದು ನಷ್ಟವೇ. ಒಂದೇ ಪದ ಇಬ್ಬರನ್ನೂ ಕಟ್ಟಿಹಾಕಿತ್ತು, ನಾವು ಆ ಹಗ್ಗವನ್ನು ಕತ್ತರಿಸಿದೆವು. ಆದರೆ ಇಬ್ಬರಿಗೂ "ಪುಳಕ" ಅಂತ ಅಂಟಿಸಿ ಇಬ್ಬರನ್ನೂ ಸುಳ್ಳಾಗಿಸುವುದಕ್ಕಿಂತ ಇದು ಮೇಲು.

ಇನ್ನೊಂದು ರೂಪವನ್ನೂ ನೋಡಿಬಿಡೋಣ. ಛತ್ರಿ ಕೊಟ್ಟದ್ದು "ನಕಾಕಾಕಿಲಿಗ್", ಅಂದರೆ ಕಿಲಿಗ್ ಹುಟ್ಟಿಸುವಂಥದ್ದು. ಬೇಕಂತಲೇ ಅಂಥದ್ದನ್ನು ಮಾಡಿ ತೋರಿಸುವುದು "ಪಕಿಲಿಗ್". ಜುಮ್ಮೆನ್ನು ಅನ್ನುವುದರಿಂದ ನಾವು ಜುಮ್ಮೆನಿಸು ಮಾಡಿಕೊಂಡ ಹಾಗೆ. ಈ ಕೊನೆಯ ರೂಪ ಮುಖ್ಯ, ಯಾಕೆಂದರೆ ಕಿಲಿಗ್ ತಾನಾಗಿ ಬರುವಂಥದ್ದಾದರೂ ಅದನ್ನು ಬರಿಸುವವರು ಇದ್ದಾರೆ, ಅದೊಂದು ಉದ್ಯೋಗವೂ ಆಗಿದೆ.

ಫಿಲಿಪ್ಪೀನ್ಸಿನ ಸಿನಿಮಾ, ಟೀವಿಯಲ್ಲಿ "ಲವ್ ಟೀಮ್" ಅನ್ನುವ ಪದ್ಧತಿ ಇದೆ. ಒಬ್ಬ ನಟ, ಒಬ್ಬ ನಟಿಯನ್ನು ಜೋಡಿ ಮಾಡಿ, ಚಿತ್ರದ ಮೇಲೆ ಚಿತ್ರದಲ್ಲಿ ಒಟ್ಟಿಗೆ ಹಾಕುತ್ತಾರೆ. ಪರದೆಯ ಹೊರಗೂ ಜೋಡಿಯಾಗಿಯೇ ಓಡಾಡಿಸುತ್ತಾರೆ. 1970ರ ಸುಮಾರಿಗೆ ನೋರಾ ಔನೋರ್ ಮತ್ತು ತಿರ್ಸೊ ಕ್ರೂಜ್ ಜೋಡಿ ಹೀಗೆ ಮೆರೆಯಿತು. ಅವರ ನಡುವೆ ಇದ್ದ ಒಂದು ಗೊಂಬೆಗೆ ಮಾರಿಯಾ ಲಿಯೊನೊರಾ ತೆರೆಸಾ ಅಂತ ಹೆಸರಿಟ್ಟು, ಅಭಿಮಾನಿಗಳು ಅದನ್ನು ಅವರ ಮಗಳೆಂಬಂತೆ ಆದರಿಸಿದರು. ನೋಡುವವರ ಕಿಲಿಗ್ ಯಾವ ಮಟ್ಟಕ್ಕೆ ಹೋಗಬಹುದು ಅನ್ನುವುದಕ್ಕೆ ಅದು ಹಳೆಯ ಉದಾಹರಣೆ.

ಹೊಸ ಉದಾಹರಣೆ 2015ರದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ಈಟ್ ಬುಲಾಗಾ" ಅನ್ನುವುದು 1979ರಿಂದ ನಡೆದು ಬಂದ ಮಧ್ಯಾಹ್ನದ ಟೀವಿ ಕಾರ್ಯಕ್ರಮ. ಅದರಲ್ಲಿ ಒಂದು ತಂಡ ಬೀದಿ ಬೀದಿಗೆ ಹೋಗಿ ನೇರಪ್ರಸಾರ ಮಾಡುತ್ತಿತ್ತು, ಉಳಿದವರು ಸ್ಟುಡಿಯೋದಲ್ಲಿ ಇರುತ್ತಿದ್ದರು. ಬೀದಿಯ ತಂಡದಲ್ಲಿ ವಾಲಿ ಬಯೋಲಾ ಎಂಬ ಹಾಸ್ಯನಟ ಲೋಲಾ ನಿದೊರಾ ಅನ್ನುವ ಗತ್ತಿನ ಅಜ್ಜಿಯ ವೇಷ ಹಾಕುತ್ತಿದ್ದ. ಅಜ್ಜಿಯ ಕೆಲಸದ ಹುಡುಗಿ ಯಾಯಾ ಡಬ್ ಆಗಿ ಮೇನ್ ಮೆಂಡೋಜಾ ಬಂದಳು. ಆ ಪಾತ್ರ ಬಾಯಿ ಬಿಟ್ಟು ಮಾತಾಡುವುದಿಲ್ಲ, ಬೇರೆ ದನಿಗಳಿಗೆ ತುಟಿ ಆಡಿಸುತ್ತದೆ ಅಷ್ಟೆ. ಮುಖ ಗಂಟು ಹಾಕಿಕೊಂಡೇ ಇರಬೇಕಿತ್ತು. ಜುಲೈ 16ರಂದು ಸ್ಟುಡಿಯೋದಲ್ಲಿದ್ದ ನಟ ಆಲ್ಡೆನ್ ರಿಚರ್ಡ್ಸ್ ಮುಖವೂ ಅವಳ ಮುಖವೂ ಪರದೆಯ ಎರಡು ಅರ್ಧಗಳಲ್ಲಿ ಒಟ್ಟಿಗೆ ಕಾಣಿಸಿದವು. ಅವನು ತನ್ನನ್ನು ನೋಡುತ್ತಿದ್ದಾನೆ ಅಂತ ಗೊತ್ತಾದದ್ದೇ ತಡ, ಅವಳ ಗಂಟುಮುಖ ಸಡಿಲಿ ನಗು ಬಂದುಬಿಟ್ಟಿತು. ಪಾತ್ರ ಕೈತಪ್ಪಿತು.

ಅಷ್ಟೇ ನಡೆದದ್ದು. ಒಂದು ಮಾತಿಲ್ಲ, ಒಬ್ಬರ ಪಕ್ಕ ಒಬ್ಬರು ನಿಂತಿಲ್ಲ. ಇಡೀ ದೇಶಕ್ಕೆ ಕಿಲಿಗ್ ಹತ್ತಿಕೊಂಡಿತು. ಯಾಕೆ ಅಂತ ಪದದ ಬೇರೇ ಹೇಳುತ್ತದೆ. ಅಲ್ಲಿ ಕಂಡದ್ದು ನಟನೆಯಲ್ಲ, ತಡೆಯಲಾಗದೆ ಬಂದ ಮೈಯ ಪ್ರತಿಕ್ರಿಯೆ. ಬರೆದುಕೊಟ್ಟ ನಗು ಆಗಿದ್ದರೆ ಅದು ಪಕಿಲಿಗ್ ಆಗುತ್ತಿತ್ತು. ತಾನಾಗಿ ಬಂದದ್ದರಿಂದ ಅದು ಕಿಲಿಗ್.

ಕಾರ್ಯಕ್ರಮದವರು ಇದನ್ನು ಕೂಡಲೇ ಅರ್ಥ ಮಾಡಿಕೊಂಡರು. ಅವರ ಜಾಣತನ ಇದ್ದದ್ದು ಜೋಡಿಯನ್ನು ಸೇರಿಸುವುದರಲ್ಲಿ ಅಲ್ಲ, ಸೇರದಂತೆ ತಡೆಯುವುದರಲ್ಲಿ. ಆಲ್ಡಬ್ ಅಂತ ಹೆಸರಾದ ಜೋಡಿ ದಿನವೂ ಪರದೆಯ ಎರಡು ಅರ್ಧಗಳಲ್ಲಿ ಕೂತು, ಕಾಗದದಲ್ಲಿ ಬರೆದು ತೋರಿಸುತ್ತಾ, ಹಾಡಿನ ತುಣುಕುಗಳಿಗೆ ತುಟಿ ಆಡಿಸುತ್ತಾ ಮಾತಾಡಬೇಕು. ಭೇಟಿ ಯಾವಾಗ ಅಂದರೆ ಅಜ್ಜಿ "ಸಾ ತಮಾಂಗ್ ಪನಹೋನ್" ಅನ್ನುತ್ತಿದ್ದಳು, ಸರಿಯಾದ ಕಾಲಕ್ಕೆ. ಅಕ್ಟೋಬರ್ 24ರಂದು ಅದೇ ಹೆಸರಿನಲ್ಲಿ ಫಿಲಿಪ್ಪೀನ್ ಅರೆನಾದಲ್ಲಿ ದೊಡ್ಡ ಕಾರ್ಯಕ್ರಮ ಆಯಿತು. 55,000 ಆಸನಗಳ ಜಾಗ ಅದು. ಒಂದು ದಿನದೊಳಗೆ ಅದರ ಹ್ಯಾಶ್‌ಟ್ಯಾಗ್ ಹೊತ್ತ ಟ್ವೀಟುಗಳು 4 ಕೋಟಿ ದಾಟಿದವು.

ಕಿಲಿಗ್ ಅಂದರೆ "ಪ್ರೇಮಿಗೆ ಆಗುವ ಪುಳಕ" ಅಂತ ಓದಿಕೊಂಡವರಿಗೆ ಆ 4 ಕೋಟಿ ಅರ್ಥವಾಗುವುದಿಲ್ಲ. ಅಷ್ಟು ಜನ ಯಾರನ್ನೂ ಪ್ರೀತಿಸುತ್ತಿರಲಿಲ್ಲ. ನೋಡುತ್ತಾ ಇದ್ದರು, ಒಟ್ಟಿಗೆ ನೋಡುತ್ತಾ ಇದ್ದರು. ಫಿಲಿಪ್ಪೀನ್ಸಿನಲ್ಲಿ ಹುಡುಗ ಹುಡುಗಿಯನ್ನು ಗೆಳೆಯರ ಗುಂಪು ಜೋಡಿ ಮಾಡಿ ಛೇಡಿಸುವುದಕ್ಕೆ "ತುಕ್ಸುಹಾನ್" ಅನ್ನುತ್ತಾರೆ. ಎಷ್ಟೋ ಪ್ರೇಮಗಳು ಶುರುವಾಗುವುದೇ ಅಲ್ಲಿಂದ. ಗುಂಪು ಕಿಲಿಗ್ ಬಂದಾಗ "ಆಯೀ..." ಅಂತ ರಾಗ ಎಳೆಯುತ್ತದೆ. ನಮ್ಮ ಕಾಲೇಜುಗಳಲ್ಲಿ ಒಬ್ಬ ಹುಡುಗಿ ತರಗತಿಗೆ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬನ ಹೆಸರು ಹಿಡಿದು "ಓಹೋ..." ಅನ್ನುತ್ತಾರಲ್ಲ, ಅದೇ ತರಹ. ನಮ್ಮಲ್ಲಿ ಆ ಕೂಗು ಇದೆ, ಕೂಗಿದವರ ಮೈಗೆ ಏನಾಯಿತು ಅನ್ನುವುದಕ್ಕೆ ಮಾತ್ರ ಹೆಸರಿಲ್ಲ.

ಈಗ ಕಹಿ ಮಾತು. ನೋಡುವವರಿಗೂ ಕಿಲಿಗ್ ಸಮಾನವಾಗಿ ಸೇರಿದ್ದಾದರೆ, ನೋಡುವವರು ಅದರ ಮೇಲೆ ಹಕ್ಕನ್ನೂ ಕೇಳುತ್ತಾರೆ. ಆಲ್ಡಬ್ ಅಭಿಮಾನಿಗಳಲ್ಲಿ ಒಂದು ವರ್ಗ ಅವರಿಬ್ಬರೂ ನಿಜವಾಗಿ ಜೋಡಿಯಾಗಲೇಬೇಕು ಅಂತ ಹಟ ಹಿಡಿಯಿತು. 2017ರಲ್ಲಿ ಮೇನ್ ಮೆಂಡೋಜಾ ಬಹಿರಂಗ ಪತ್ರ ಬರೆದು, ತನ್ನ ಬದುಕು ತನ್ನದು, ತನಗೆ ಸ್ವಾತಂತ್ರ್ಯ ಬೇಕು ಅಂತ ಕೇಳಿಕೊಳ್ಳಬೇಕಾಯಿತು. ಇಬ್ಬರೂ ಗುಟ್ಟಾಗಿ ಮದುವೆಯಾಗಿದ್ದಾರೆ, ಮಗುವೂ ಇದೆ ಅನ್ನುವ ನಂಬಿಕೆಯನ್ನು ಆಲ್ಡೆನ್ ಅಲ್ಲಗಳೆಯುತ್ತಲೇ ಬಂದ. 2023ರಲ್ಲಿ ಮೇನ್ ನಟ, ರಾಜಕಾರಣಿ ಆರ್ಜೊ ಅತಾಯ್ದೆಯನ್ನು ಮದುವೆಯಾದಳು. ಅರ್ಧ ಶತಮಾನದ ಹಿಂದೆ ಗೊಂಬೆಯನ್ನು ಮಗಳು ಮಾಡಿದ ಪ್ರೀತಿಯೇ ಇಲ್ಲಿ ಇಲ್ಲದ ಮಗುವನ್ನು ಹುಟ್ಟಿಸಿತು.

ತಪ್ಪು ಪದದ್ದು ಅಂತ ನಾನು ಹೇಳುತ್ತಿಲ್ಲ. ಛತ್ರಿಯ ಕಥೆ ಕೇಳಿ ಕಿರುಚಿದ ಗೆಳತಿಗೂ ಈ ಹಟಕ್ಕೂ ನಡುವೆ ದೊಡ್ಡ ಅಂತರ ಇದೆ. ಗೆಳತಿಯ ಕಿಲಿಗ್ ಸಂಜೆಯ ಹೊತ್ತಿಗೆ ಇಳಿಯುತ್ತದೆ. ನಡುಕ ಅಂದಮೇಲೆ ಇಳಿಯಲೇಬೇಕು. ಇಳಿಯದ ಹಾಗೆ ದಿನವೂ ಕಾಯಿಸಿ ಕೊಡುವ ವ್ಯಾಪಾರ ಶುರುವಾದಾಗ, ಪರದೆಯ ಮೇಲಿನ ಇಬ್ಬರು ಮನುಷ್ಯರು ಬೇರೆಯವರ ಜ್ವರಕ್ಕೆ ಜವಾಬ್ದಾರರಾಗಬೇಕಾಗುತ್ತದೆ. ಆದರೆ ಇದನ್ನು ಕಾಣಬೇಕಾದರೆ ಪದದ ಪೂರ್ತಿ ಅರ್ಥ ನಮ್ಮ ಕೈಯಲ್ಲಿರಬೇಕು. "ಪ್ರೇಮದ ಮಧುರ ಪುಳಕ" ಅಂತ ಬರೆದುಕೊಂಡವರಿಗೆ ಸಿಹಿ ಮಾತ್ರ ಸಿಗುತ್ತದೆ. ಆ ಪತ್ರವನ್ನು ಅವಳು ಯಾಕೆ ಬರೆಯಬೇಕಾಯಿತು ಅನ್ನುವುದು ಸಿಗುವುದಿಲ್ಲ.

ನಮ್ಮಂತೆ ವರದಿ ಬರೆಯುವವರಿಗೆ, ಅನುವಾದ ಮಾಡುವವರಿಗೆ ಇದರಿಂದ ಸಿಗುವ ಕೆಲಸ ಸಣ್ಣದು, ಖಚಿತವಾದದ್ದು. ಬೇರೆ ಭಾಷೆಯ ಭಾವದ ಪದವೊಂದು ಎದುರಾದಾಗ "ಇದರ ಅರ್ಥ ಏನು" ಅಂತ ಮಾತ್ರ ಕೇಳಿದರೆ ನಿಘಂಟು ಒಂದು ನಾಮಪದ ಕೊಟ್ಟು ಕಳಿಸುತ್ತದೆ. ಇದನ್ನು ಯಾರು ಯಾರು ಹೇಳಬಹುದು, ಯಾರಿಗೆ ಆದದ್ದನ್ನು ಕುರಿತು ಹೇಳಬಹುದು ಅಂತಲೂ ಕೇಳಬೇಕು. ಕಿಲಿಗ್ ಅನ್ನು ಹುಡುಗಿಯೂ ಹೇಳಬಹುದು, ಗೆಳತಿಯೂ ಹೇಳಬಹುದು, ಮೊಮ್ಮಗಳ ಮದುವೆಯಲ್ಲಿ ಅಜ್ಜ ಅಜ್ಜಿ ಕೈ ಹಿಡಿದದ್ದನ್ನು ಕಂಡ ನೆಂಟರೂ ಹೇಳಬಹುದು. ಈ ಕೊನೆಯದ್ದರಲ್ಲಿ ಪ್ರೇಮದ ಆರಂಭವೂ ಇಲ್ಲ, ಹಾಗಾಗಿ ಪಟ್ಟಿಯ ಆ ಒಂದು ಸಾಲು ಅಲ್ಲಿಗೂ ಸಾಲುವುದಿಲ್ಲ.

ಒಂದೇ ಕನ್ನಡ ಪದ ಬೇಕೇ ಬೇಕು ಅಂತ ಯಾರಾದರೂ ಹಟ ಮಾಡಿದರೆ, ಕಿಲಿಗ್ ಅಂತಲೇ ಇಟ್ಟುಕೊಳ್ಳಿ ಅನ್ನುತ್ತೇನೆ. ಬಸ್ಸನ್ನೂ ಕಾಫಿಯನ್ನೂ ಇಟ್ಟುಕೊಂಡ ಭಾಷೆಗೆ ಇದೇನು ಭಾರವಲ್ಲ. ಇಟ್ಟುಕೊಂಡರೆ ಮಾತ್ರ ಅದನ್ನು ನಾಮಪದವಾಗಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. "ನನಗೆ ಕಿಲಿಗ್ ಆಯ್ತು", "ಅವರನ್ನ ನೋಡಿ ನಮಗೆಲ್ಲ ಕಿಲಿಗ್ ಆಯ್ತು" ಅಂತ, ಚಳಿಯಾದ ಹಾಗೆ, ನಗು ಬಂದ ಹಾಗೆ, ಬಾಯಿಮಾತಿನಲ್ಲಿ ಬಳಸಿ. ಎರಡನೆಯ ವಾಕ್ಯ ಯಾವ ಅನುಮಾನವೂ ಹುಟ್ಟಿಸದೆ ಕೇಳಿದವರಿಗೆ ಅರ್ಥವಾದ ದಿನ ಆ ಪದ ಕನ್ನಡಕ್ಕೆ ಬಂದಿತು ಅಂತ ತಿಳಿಯಬಹುದು.